ಪರೀಕ್ಷೆ ಮುಗಿಯುವವರೆಗೆ ಇದೇ ಮನೆ

ಬೆಂಗಳೂರಿನಲ್ಲಿ ಮನೆ ಬಾಡಿಗೆಯ ಅಗ್ರಿಮೆಂಟ್ ಸಾಮಾನ್ಯವಾಗಿ 11 ತಿಂಗಳಿಗೆ ಆಗುತ್ತದೆ. ಅವಧಿ ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ, ಅದಕ್ಕೇ ಈ ರೂಢಿ. ಆದರೆ ಶಾಲೆಯ ವರ್ಷ ಅಗ್ರಿಮೆಂಟಿನ ಲೆಕ್ಕಕ್ಕೆ ಸಿಗುವುದಿಲ್ಲ. ಮಾರ್ಚ್ 1ಕ್ಕೆ ಮನೆ ಹಿಡಿದವರ ಅವಧಿ ಜನವರಿ 31ಕ್ಕೆ ಮುಗಿಯುತ್ತದೆ. ಮಗಳು ಎಸ್ಸೆಸ್ಸೆಲ್ಸಿಯಲ್ಲಿದ್ದರೆ ಪರೀಕ್ಷೆ ಇನ್ನೂ ಮುಂದಿರುತ್ತದೆ.

ಅಂಥ ಒಂದು ಕುಟುಂಬ 18,000 ರೂಪಾಯಿ ಬಾಡಿಗೆ ಕೊಡುತ್ತಿದೆ ಎಂದುಕೊಳ್ಳೋಣ. ಓನರ್ ಅಗ್ರಿಮೆಂಟ್ ಮುಂದುವರಿಸುವುದಿಲ್ಲ ಎಂದಿದ್ದಾರೆ. ಇವರಿಗೆ ಬೇಕಿರುವುದು ಏಪ್ರಿಲ್ 30ರವರೆಗೆ, ಮೂರು ತಿಂಗಳು. ತಿಂಗಳಿಗೆ 19,500 ಕೊಡುತ್ತೇವೆ ಎಂದರೆ ಓನರಿಗೆ ಒಟ್ಟು 4,500 ಹೆಚ್ಚು ಸಿಗುತ್ತದೆ. ಅದು ದೊಡ್ಡ ಮೊತ್ತವಲ್ಲ. ಅವರನ್ನು ಒಪ್ಪಿಸುವ ಮಾತು ಬೇರೆಯೇ ಇದೆ: ಮಕ್ಕಳಿರುವ ಮನೆಯವರು ಹೊಸ ಮನೆ ಹುಡುಕುವುದು ಏಪ್ರಿಲ್-ಮೇ ತಿಂಗಳಲ್ಲಿ. ಫೆಬ್ರವರಿಯಲ್ಲಿ ಮನೆ ಒಂದು ತಿಂಗಳು ಖಾಲಿ ಬಿದ್ದರೂ 18,000 ನಷ್ಟ.

ಓನರ್ ಹಿಂಜರಿಯುವುದು ಹೆಚ್ಚಾಗಿ ದುಡ್ಡಿಗಲ್ಲ, ‘ಆಮೇಲೂ ಇವರು ಬಿಡದಿದ್ದರೆ’ ಎಂಬ ಭಯಕ್ಕೆ. ಆದ್ದರಿಂದ ‘ಮಗಳ ಓದು ಮುಗಿಯಲಿ ಸಾರ್’ ಎಂದು ಮೋಘಮ್ಮಾಗಿ ಕೇಳಬಾರದು. ಅವಧಿ ಮುಗಿಯುವ ಎರಡು ತಿಂಗಳ ಮುಂಚೆಯೇ, ತಾರೀಖು ಹೇಳಿ, ಬರೆದು ಕೇಳಬೇಕು: ‘ಮಗಳ ಪರೀಕ್ಷೆ ಇರುವುದರಿಂದ ಏಪ್ರಿಲ್ 30ರವರೆಗೆ ಇರಲು ಅವಕಾಶ ಕೊಡಿ. ಫೆಬ್ರವರಿಯಿಂದ 19,500 ಕೊಡುತ್ತೇವೆ. ಏಪ್ರಿಲ್‌ನಲ್ಲಿ ನೀವು ಬೇರೆಯವರಿಗೆ ಮನೆ ತೋರಿಸಬಹುದು.’ ಈ ಕೊನೆಯ ಮಾತಿಗೆ ಬಾಡಿಗೆ ಏರಿಕೆಗಿಂತ ಹೆಚ್ಚು ಬೆಲೆಯಿದೆ ಎಂದು ನನಗನ್ನಿಸುತ್ತದೆ.

‘ಆಯ್ತು, ಇರಿ’ ಎಂದು ಓನರ್ ಬಾಯಲ್ಲಿ ಹೇಳಿದರೆ ಸಾಲದು. ಹೊಸ ಕಾಗದವಿಲ್ಲದೆ ಅವರು ಫೆಬ್ರವರಿಯ ಬಾಡಿಗೆ ತೆಗೆದುಕೊಂಡರೆ, 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ ಅದು ಸಾಮಾನ್ಯವಾಗಿ ತಿಂಗಳಿಂದ ತಿಂಗಳಿಗೆ ಸಾಗುವ ಬಾಡಿಗೆಯಾಗುತ್ತದೆ. ಅದನ್ನು ಮುಗಿಸಲು 15 ದಿನಗಳ ನೋಟಿಸ್ ಸಾಕು. ಅಂದರೆ ಪರೀಕ್ಷೆಯ ವಾರದಲ್ಲೇ ನೋಟಿಸ್ ಬಂದರೂ ಬರಬಹುದು. ಮೂರು ತಿಂಗಳಿಗೆ ಸ್ಟಾಂಪ್ ಪೇಪರಿನಲ್ಲಿ ಚಿಕ್ಕ ಅಗ್ರಿಮೆಂಟ್ ಮಾಡಿಕೊಂಡರೆ ಇಬ್ಬರಿಗೂ ನೆಮ್ಮದಿ. ಹಳೆಯ ಅಗ್ರಿಮೆಂಟಿನ ತಾರೀಖು, ಹೊಸ ಬಾಡಿಗೆ, ಬಿಡುವ ದಿನ, ಹಳೆಯ ಅಡ್ವಾನ್ಸೇ ಮುಂದುವರಿಯುತ್ತದೆ ಎಂಬ ಮಾತು, ಇಷ್ಟು ಅದರಲ್ಲಿರಲಿ. ಹೆಚ್ಚಿನ ಬಾಡಿಗೆ ಈ ಮೂರು ತಿಂಗಳಿಗೆ ಮಾತ್ರ ಎಂದೂ ಬರೆಸಿ. ಕೊನೆಯ ತಿಂಗಳುಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳಿ ಎಂದು ಮಾತ್ರ ಕೇಳಬೇಡಿ. ಬಣ್ಣ, ರಿಪೇರಿಗೆ ಓನರ್ ನೆಚ್ಚಿಕೊಂಡಿರುವುದು ಆ ದುಡ್ಡನ್ನೇ.

ಓನರಿನ ಮಗನೇ ಸಂಸಾರ ಸಮೇತ ಆ ಮನೆಗೆ ಬರುವುದಿದ್ದರೆ ಎಷ್ಟು ಹೆಚ್ಚು ಕೊಟ್ಟರೂ ಪ್ರಯೋಜನವಿಲ್ಲ. ಆಗ ಎಳೆದಾಡುತ್ತ ಮಾರ್ಚ್‌ವರೆಗೆ ಕೂರುವುದಕ್ಕಿಂತ ಜನವರಿಯಲ್ಲೇ ಶಾಲೆಯ ಹತ್ತಿರ ಚಿಕ್ಕದೊಂದು ಮನೆ ಹಿಡಿಯುವುದು ಮೇಲು.