ಫೋನಿನಲ್ಲಿ ಡಾಕ್ಟರು: ಆರು ತಿಂಗಳ ಲೆಕ್ಕ

2002ರಲ್ಲಿ ಇಸ್ರೋ ಉಪಗ್ರಹದ ನೆರವಿನಿಂದ ಚಾಮರಾಜನಗರ ಮತ್ತು ಸರಗೂರಿನ ಆಸ್ಪತ್ರೆಗಳು ಬೆಂಗಳೂರಿನ ಹೃದ್ರೋಗ ತಜ್ಞರ ಜೊತೆ ಮಾತಾಡತೊಡಗಿದಾಗ, ಎರಡೂ ತುದಿಯಲ್ಲಿ ಕೂತಿದ್ದವರು ವೈದ್ಯರೇ. ರೋಗಿ ಮನೆಯಿಂದಲೇ ಫೋನ್ ಮಾಡಿ ಔಷಧಿ ಬರೆಸಿಕೊಳ್ಳುವುದು ಬೇರೆ ಮಾತು. ಅದಕ್ಕೆ ಸ್ಪಷ್ಟ ನಿಯಮವೇ ಇರಲಿಲ್ಲ. ಫೋನಿನಲ್ಲಿ ಚಿಕಿತ್ಸೆ ಹೇಳಿದ ಪ್ರಕರಣವೊಂದರಲ್ಲಿ 2018ರಲ್ಲಿ ಬಾಂಬೆ ಹೈಕೋರ್ಟ್ ವೈದ್ಯರಿಗೆ ನಿರೀಕ್ಷಣಾ ಜಾಮೀನು ನಿರಾಕರಿಸಿದ ಮೇಲಂತೂ ಹಲವರು ಹಿಂಜರಿದರು.

ನಿಯಮ ಬಂದದ್ದು 2020ರ ಮಾರ್ಚ್ 25ರಂದು, ಲಾಕ್‌ಡೌನ್ ಶುರುವಾದ ದಿನವೇ. ಅದೇ ಕಾಯಿಲೆಗೆ ಅದೇ ವೈದ್ಯರು ಆರು ತಿಂಗಳೊಳಗೆ ಖುದ್ದಾಗಿ ನೋಡಿದ್ದರೆ ಮುಂದಿನ ಕರೆ 'ಮರುಭೇಟಿ' ಎನಿಸುತ್ತದೆ. ಹಳೆಯ ಮಾತ್ರೆ ಮುಂದುವರಿಸಬಹುದು, ಜೊತೆಗೆ ಹೊಸದೊಂದನ್ನು ಸೇರಿಸಲೂಬಹುದು. ಬಿಪಿ, ಸಕ್ಕರೆ ಕಾಯಿಲೆಯವರಿಗೆ ದಾರಿ ತೆರೆದದ್ದು ಇಲ್ಲಿ.

ಆದರೆ ಕರೆಯ ಬೆಲೆ ಇರುವುದು ಅದರಲ್ಲಿ ಏನನ್ನು ಕೇಳಿ ಬರೆದುಕೊಳ್ಳುತ್ತಾರೆ ಎಂಬುದರಲ್ಲಿ. ಅರವತ್ತು ದಾಟಿದ ಹೆಂಗಸೊಬ್ಬರನ್ನು ಊಹಿಸಿಕೊಳ್ಳಿ. ಬಿಪಿಗೆ ಟೆಲ್ಮಿಸಾರ್ಟನ್ 40 ನಡೆದಿತ್ತು. ಕಳೆದ ತಿಂಗಳು ಆಸ್ಪತ್ರೆಗೆ ಬಂದಾಗ ಆಮ್ಲೋಡಿಪಿನ್ 5 ಸೇರಿಸಿ 30 ಮಾತ್ರೆ ಕೊಟ್ಟಿದ್ದರು. "ಮಾತ್ರೆ ತಗೊಳ್ತಿದ್ದೀರಾ ಅಮ್ಮಾ?" ಎಂದರೆ ಉತ್ತರ "ಹೂಂ ಡಾಕ್ಟ್ರೇ" ಅಷ್ಟೇ. ಅನುಭವಿ ವೈದ್ಯರು ಹಾಗೆ ಕೇಳುವುದಿಲ್ಲ, ಶೀಟು ತಂದು ಕ್ಯಾಮೆರಾಗೆ ತೋರಿಸಲು ಹೇಳುತ್ತಾರೆ. 24 ದಿನ ಕಳೆದಿದೆ, 20 ಮಾತ್ರೆ ಉಳಿದಿವೆ! "ಕಾಲು ಊದ್ಕೊಳ್ತು, ಅದಕ್ಕೇ ಬಿಟ್ಬಿಟ್ಟೆ." ಆಮ್ಲೋಡಿಪಿನ್‌ನಿಂದ ಪಾದದ ಗಂಟಿನ ಸುತ್ತ ಬಾವು ಬರುವುದುಂಟು. ಮರೆವಲ್ಲ, ಹಣದ ಅಡಚಣೆಯೂ ಅಲ್ಲ, ಅಡ್ಡಪರಿಣಾಮ. ಕಾರಣ ತಿಳಿಯದೆ "ತಪ್ಪದೆ ನುಂಗಿ" ಎಂದು ಗದರಿಸಿದ್ದರೆ ಆಕೆ ಮುಂದಿನ ಸಲವೂ "ಹೂಂ" ಎನ್ನುತ್ತಿದ್ದರು.

ಉಬ್ಬಸವಿಲ್ಲ, ಎದೆನೋವಿಲ್ಲ, ಮಾತ್ರೆ ಬಿಟ್ಟ ಮೇಲೆ ಎರಡೂ ಕಾಲಿನ ಬಾವು ಇಳಿದಿದೆ ಎಂದು ಕೇಳಿ ಖಾತ್ರಿ ಮಾಡಿಕೊಂಡ ಮೇಲೆ ದಾಖಲೆ ಹೀಗಿರುತ್ತದೆ: "ಮನೆಯ ಬಿಪಿ ಸರಾಸರಿ 154/94. ಗುರಿ 135/85ಕ್ಕಿಂತ ಕಡಿಮೆ. ರೋಗಿಯ ಆಸೆ: ಜಾತ್ರೆಗೆ ನಡೆದೇ ಹೋಗುವುದು. ತೊಡಕು: ಕಾಲು ಬಾವು, 10 ದಿನದ ನಂತರ ತಾವೇ ಬಿಟ್ಟಿದ್ದಾರೆ. ಆಮ್ಲೋಡಿಪಿನ್ ನಿಲ್ಲಿಸಿ, ಟೆಲ್ಮಿಸಾರ್ಟನ್ 80. ಎರಡು ವಾರಕ್ಕೆ ಕ್ರಿಯಾಟಿನಿನ್, ಪೊಟ್ಯಾಸಿಯಂ ಪರೀಕ್ಷೆ, ಮಗ ಕರೆದೊಯ್ಯುವರು. ನಾಲ್ಕು ವಾರಕ್ಕೆ ಮತ್ತೆ ಕರೆ." 'ಮಗ' ಎಂಬ ಆ ಒಂದು ಪದವಿಲ್ಲದಿದ್ದರೆ ಪರೀಕ್ಷೆ ಆಗದೆಯೇ ಉಳಿಯಬಹುದು.

ಕರೆಗೆ ಮಿತಿಯುಂಟು. ಒಂದೇ ಕಾಲು ಊದಿ ನೋಯುತ್ತಿದ್ದರೆ, ಮಲಗಿದರೆ ಉಸಿರು ಕಟ್ಟುತ್ತಿದ್ದರೆ, ಪರದೆಯ ಮುಂದೆ ಕೂರುವ ಮಾತೇ ಇಲ್ಲ, ಆಸ್ಪತ್ರೆಗೇ ಹೋಗಬೇಕು.

ಮುಂದಿನ ಸಲ ಕರೆ ಬರುವ ಮುನ್ನ ಮಾತ್ರೆಯ ಶೀಟುಗಳನ್ನೂ ಒಂದು ವಾರ ಬೆಳಿಗ್ಗೆ, ಸಂಜೆ ಬರೆದಿಟ್ಟ ಬಿಪಿಯನ್ನೂ ಹತ್ತಿರ ಇಟ್ಟುಕೊಳ್ಳಿ. ಮಾತ್ರೆ ಬಿಟ್ಟಿದ್ದರೆ ಬಿಟ್ಟಿದ್ದೇನೆ ಎಂದೇ ಹೇಳಿ.