ಹೊಸ ಗಿರಾಕಿಗಾಗಿ ಎಷ್ಟು ಖರ್ಚು ಮಾಡಬಹುದು?



ಎಮ್ಮೆ ಕೊಳ್ಳಲು ಸಂತೆಗೆ ಹೋದಾಗ ನೀವು ಅದರ ಒಂದು ಹೊತ್ತಿನ ಹಾಲನ್ನಷ್ಟೇ ನೋಡಿ ಬೆಲೆ ಕಟ್ಟುವುದಿಲ್ಲ. ಇನ್ನೆಷ್ಟು ಸಲ ಈದೀತು, ಮೇವು ಹಿಂಡಿಯ ಖರ್ಚು ಕಳೆದು ಕೈಗೆಷ್ಟು ಉಳಿದೀತು ಎಂದು ಎಣಿಸುತ್ತೀರಿ. ಆ ಮೊತ್ತಕ್ಕಿಂತ ಹೆಚ್ಚು ಕೊಟ್ಟರೆ ನಷ್ಟವೆಂದು ನಿಮಗೆ ಗೊತ್ತು. ಬೆಳೆದ ಜೋಳವನ್ನು ಪೇಟೆಯ ಮನೆಗಳಿಗೆ ನೇರವಾಗಿ ಮಾರುವವರು ಗಿರಾಕಿಯ ವಿಷಯದಲ್ಲಿಯೂ ಇದೇ ಲೆಕ್ಕ ಹಾಕಬೇಕು.

ಬಸವನ ಬಾಗೇವಾಡಿ ತಾಲೂಕಿನ ಇಂಗಳೇಶ್ವರದಲ್ಲಿ ಎರೆಹೊಲವುಳ್ಳ ಒಬ್ಬ ರೈತನನ್ನು ಊಹಿಸಿಕೊಳ್ಳಿ. ಹಿಂಗಾರಿಯಲ್ಲಿ ಬಿಳಿಜೋಳ ಬೆಳೆಯುತ್ತಾನೆ. ಅಡತಿ ಅಂಗಡಿಯಲ್ಲಿ ಮಾರಿದರೆ ಹಮಾಲಿ, ಬಾಡಿಗೆ ಎಲ್ಲ ಕಳೆದು ಕ್ವಿಂಟಲಿಗೆ 3,000 ರೂ. ಸಿಗುತ್ತದೆಂದು ಲೆಕ್ಕಕ್ಕೆ ಹಿಡಿಯೋಣ. ವಿಜಯಪುರದ ಒಂದು ಮನೆಗೆ ನೇರವಾಗಿ ಕೊಟ್ಟರೆ 3,800 ರೂ. ಬರುತ್ತದೆ. ಆದರೆ ಹಸನು ಮಾಡಲು, ಚೀಲಕ್ಕೆ, ಮನೆ ಮುಟ್ಟಿಸಲು 400 ರೂ. ಬೇಕು. ಆದ್ದರಿಂದ ಆ ಗಿರಾಕಿಯಿಂದ ಬಂದ ನಿಜವಾದ ಹೆಚ್ಚಳ ಕ್ವಿಂಟಲಿಗೆ 400 ರೂ. ಮಾತ್ರ, 3,800 ಅಲ್ಲ. ಗಿರಾಕಿ ಇರದಿದ್ದರೂ ಜೋಳ ಅಡತಿಯಲ್ಲಿ ಮಾರಾಟವಾಗುತ್ತಿತ್ತಲ್ಲವೇ? ವರ್ಷಕ್ಕೆ 2 ಕ್ವಿಂಟಲ್ ಒಯ್ಯುವ ಮನೆಯಿಂದ ಉಳಿಯುವುದು 800 ರೂ.

ಈ 800 ರೂಪಾಯಿ ಎಷ್ಟು ವರ್ಷ ಬಂದೀತು? ಎಲ್ಲರೂ ಕಾಯಂ ಉಳಿಯುವುದಿಲ್ಲ. ಕೆಲವರಿಗೆ ವರ್ಗವಾಗುತ್ತದೆ, ಕೆಲವರು ಬೇರೆಯವರಲ್ಲಿ ಕೊಳ್ಳುತ್ತಾರೆ. ವರ್ಷಕ್ಕೆ ಐದರಲ್ಲಿ ಒಬ್ಬರು ಬಿಟ್ಟುಹೋಗುತ್ತಾರೆನ್ನೋಣ. ಆಗ ಎರಡನೆಯ ವರ್ಷ ಒಂದು ಮನೆಯಿಂದ ಸರಾಸರಿ 640 ರೂ. ಬರುತ್ತದೆ. ಆದರೆ ಅದು ಒಂದು ವರ್ಷ ತಡವಾಗಿ ಬರುವ ಹಣ. ನಿಮ್ಮ ಸಾಲಕ್ಕೆ ನೂರಕ್ಕೆ 12ರಂತೆ ಬಡ್ಡಿ ಇದ್ದರೆ, ಇಂದಿಗೆ ಅದರ ಬೆಲೆ 571 ರೂ. ಅದೇ ರೀತಿ ಮೂರನೆಯ ವರ್ಷದ್ದು 408, ನಾಲ್ಕನೆಯ ವರ್ಷದ್ದು 292. ಹೀಗೆ ಕೂಡುತ್ತ ಹೋದರೆ ಒಟ್ಟು ಸುಮಾರು 2,800 ರೂಪಾಯಿಗೆ ಬಂದು ನಿಲ್ಲುತ್ತದೆ. ಇದು ಒಬ್ಬ ಗಿರಾಕಿಯ ಬಾಳಿಕೆಯ ಬೆಲೆ. ಹೊಸ ಗಿರಾಕಿಗಾಗಿ ಮಾಡುವ ಖರ್ಚು ಇದನ್ನು ದಾಟಲೇಬಾರದು. ಐದರಲ್ಲಿ ಇಬ್ಬರು ಬಿಟ್ಟುಹೋಗುವಂತಿದ್ದರೆ ಇದೇ ಬೆಲೆ ಸುಮಾರು 1,720 ರೂಪಾಯಿಗೆ ಇಳಿಯುತ್ತದೆ.

ಇನ್ನು ಖರ್ಚಿನ ಕಡೆ ನೋಡೋಣ. ಸಂಕ್ರಾಂತಿಯ ಹೊತ್ತಿಗೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ ನಡೆಯುತ್ತದೆ. ನಮ್ಮ ರೈತ ಅಲ್ಲಿ ಹಳೆಯ ಜೋಳದ ಸಣ್ಣ ಚೀಲಗಳನ್ನಿಟ್ಟು ಮಾರುತ್ತಾನೆ. ಜಾಗದ ಬಾಡಿಗೆ, ಗಾಡಿ, ಕೂಲಿ, ತನ್ನ ದಿನಗಳ ದುಡಿಮೆ, ರಿಯಾಯಿತಿ ಎಲ್ಲ ಸೇರಿ 9,000 ರೂ. ಆಯಿತು. ಮೂವತ್ತು ಜನ ಕೊಂಡರು. ತಲೆಗೆ 300 ರೂಪಾಯಿಯಷ್ಟೇ ಬಿತ್ತೆಂದು ಅವನಿಗೆ ಸಂತೋಷ. ಆದರೆ ರಾಶಿಯಾದ ಮೇಲೆ 2 ಕ್ವಿಂಟಲ್ ಒಯ್ದವರು ಆರೇ ಮನೆಯವರು. ಹಾಗಾದರೆ ಒಂದು ಮನೆಗೆ ಬಿದ್ದ ಖರ್ಚು 1,500 ರೂ. ಒಂದು ಸಲ ಕೊಂಡವರನ್ನು ಗಿರಾಕಿಯೆಂದು ಎಣಿಸುವುದೇ ಈ ಲೆಕ್ಕದಲ್ಲಿ ಆಗುವ ದೊಡ್ಡ ತಪ್ಪು.

1,500 ರೂ. 2,800ರೊಳಗಿದೆ, ಆದ್ದರಿಂದ ನಷ್ಟವಿಲ್ಲ. ಆದರೆ ಹಣ ಯಾವಾಗ ಮರಳುತ್ತದೆಂಬುದನ್ನೂ ನೋಡಬೇಕು. ಮೊದಲ ವರ್ಷ ಆರು ಮನೆಗಳಿಂದ 4,800, ಎರಡನೆಯ ವರ್ಷ 3,840. ಎರಡೂ ಕೂಡಿ 8,640 ರೂ. ಹಾಕಿದ 9,000 ಪೂರ್ತಿ ಕೈಗೆ ಬರುವುದು ಮೂರನೆಯ ವರ್ಷದಲ್ಲಿಯೇ. ಅಲ್ಲಿಯವರೆಗೆ ಬೀಜ ಗೊಬ್ಬರಕ್ಕೆ ತೊಂದರೆಯಾಗುವಂತಿದ್ದರೆ, ಲಾಭವಿದ್ದರೂ ಈ ಖರ್ಚು ನಿಮಗೆ ತಕ್ಕುದಲ್ಲ.

ಇದಕ್ಕಿಂತ ದೊಡ್ಡ ಗಂಡಾಂತರ ಮಳೆಯದು. ಮೇಲಿನ ಲೆಕ್ಕವೆಲ್ಲ ಪ್ರತಿ ವರ್ಷ ಜೋಳ ಕೊಡುತ್ತೀರೆಂಬ ನಂಬಿಕೆಯ ಮೇಲೆ ನಿಂತಿದೆ. ಬರಗಾಲದಲ್ಲಿ ಒಂದು ವರ್ಷ ಕೊಡದಿದ್ದರೆ ಗಿರಾಕಿ ಬೇರೆ ಕಡೆ ಹೋಗುತ್ತಾನೆ; ಅವನಿಗಾಗಿ ಮಾಡಿದ ಖರ್ಚೂ ಅವನೊಡನೆ ಹೋಗುತ್ತದೆ. ಒಳ್ಳೆಯ ವರ್ಷ 30 ಕ್ವಿಂಟಲ್, ಕೆಟ್ಟ ವರ್ಷ 12 ಕ್ವಿಂಟಲ್ ಬರುವ ಹೊಲದಲ್ಲಿ ಮನೆಗೆ 4 ಕ್ವಿಂಟಲ್ ಬೇಕಾದರೆ, ಮಾರಲು ಖಾತ್ರಿಯಾಗಿ ಇರುವುದು 8 ಕ್ವಿಂಟಲ್. ಅದು ನಾಲ್ಕು ಮನೆಗೆ ಸಾಕು, ಆರಕ್ಕಲ್ಲ. ಉಳಿದೆರಡು ಮನೆಗಳಿಗೆ ಒಳ್ಳೆಯ ವರ್ಷದ ಜೋಳವನ್ನೇ ಚೆನ್ನಾಗಿ ಒಣಗಿಸಿ, ಹುಳ ಬೀಳದಂತೆ ತೆಗೆದಿಡಬೇಕು. ಹಿರಿಯರು ಹಗೇವಿನಲ್ಲಿ ಜೋಳ ತುಂಬಿಡುತ್ತಿದ್ದುದು ಬರದ ವರ್ಷಕ್ಕಾಗಿಯೇ ಅಲ್ಲವೇ?

ಒಂದು ನೋಟುಬುಕ್ಕಿನಲ್ಲಿ ಪ್ರತಿ ಮನೆಗೆ ಒಂದು ಸಾಲು ಬರೆಯಿರಿ: ಯಾವ ವರ್ಷ ಬಂದರು, ಯಾರ ಮೂಲಕ ಬಂದರು, ವರ್ಷವರ್ಷ ಎಷ್ಟು ಒಯ್ದರು. ಪ್ರತಿ ರಾಶಿಯ ನಂತರ ಹಿಂದಿನ ವರ್ಷದ ಹೆಸರುಗಳಲ್ಲಿ ಎಷ್ಟು ಉಳಿದಿವೆಯೆಂದು ಎಣಿಸಿರಿ. ಜಾತ್ರೆಯಲ್ಲಿ ಸಿಕ್ಕವರಿಗಿಂತ ಹಳೆಯ ಗಿರಾಕಿ ಕರೆತಂದವರು ಹೆಚ್ಚು ಕಾಲ ಉಳಿದಿದ್ದರೆ, ಮುಂದಿನ ಸಂಕ್ರಾಂತಿಗೆ 9,000 ರೂಪಾಯಿ ಎಲ್ಲಿ ಹಾಕಬೇಕೆಂಬುದನ್ನು ಆ ಪುಸ್ತಕವೇ ಹೇಳುತ್ತದೆ.