ಪೆನ್ನು ಅಜ್ಜನದು, ಕಾಮಾ ಮೊಮ್ಮಗನದು

ಲಾಂಗ್ ಐಲೆಂಡಿನ ನಮ್ಮ ಮನೆಯಲ್ಲಿ ಈ ಚಳಿಗಾಲದ ಶನಿವಾರಗಳೆಲ್ಲ ಒಂದೇ ರೀತಿ ಕಳೆದವು. ಹೊರಗೆ ಹಿಮ, ಒಳಗೆ ಊಟದ ಮೇಜಿನ ಮೇಲೆ ಒಂದು ಗಡಿಯಾರ, ಹಿಂದಿನ ವರ್ಷದ ಒಂದು ಪ್ರಶ್ನೆಪತ್ರಿಕೆ, ಎದುರುಬದುರಾಗಿ ಕುಳಿತ ಅಜ್ಜ ಮತ್ತು ಮೊಮ್ಮಗ. ಹಾಸನ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ದೀರ್ಘಕಾಲ ಇಂಗ್ಲಿಷ್ ಕಲಿಸಿ ನಿವೃತ್ತರಾದ ನನ್ನ ತಂದೆ, ಹನ್ನೊಂದನೆಯ ತರಗತಿಯ ನನ್ನ ಮಗನಿಗೆ ಲಿಪಿಕಾರರಾಗಿದ್ದರು. ಮಗ ಹೇಳಬೇಕು, ತಂದೆ ಬರೆಯಬೇಕು. ಕೇಳಲು ಇಷ್ಟು ಸರಳವಾದ ಕೆಲಸವನ್ನು ಕಲಿಯಲು ಅವರಿಬ್ಬರಿಗೂ ಎರಡು ತಿಂಗಳು ಬೇಕಾಯಿತು.

ಮಗನಿಗೆ ಡಿಸ್ಲೆಕ್ಸಿಯಾ ಇದೆಯೆಂದು ಗೊತ್ತಾದದ್ದು ಅವನ ಎಂಟನೆಯ ವಯಸ್ಸಿನಲ್ಲಿ. ಇದು ಬುದ್ಧಿಯ ಕೊರತೆಯಲ್ಲ. ಮುದ್ರಿತ ಪದವನ್ನು ಕಂಡೊಡನೆ ಗುರುತಿಸುವ ಕ್ರಿಯೆ ನಮಗೆ ಅಪ್ರಯತ್ನವಾಗಿ ನಡೆಯುತ್ತದೆ, ಅವನಿಗೆ ಅದು ಪ್ರತಿ ಸಾಲಿನಲ್ಲಿಯೂ ಶ್ರಮದ ಕೆಲಸ. ಬರವಣಿಗೆಯಲ್ಲಿ ಇದರ ಪರಿಣಾಮ ಇನ್ನೂ ವಿಚಿತ್ರ. ಮಾತನಾಡುವಾಗ ದೊಡ್ಡ ದೊಡ್ಡ ಪದಗಳನ್ನು ಲೀಲಾಜಾಲವಾಗಿ ಬಳಸುವ ಹುಡುಗ, ಬರೆಯಲು ಕುಳಿತರೆ ತನಗೆ ಸ್ಪೆಲ್ಲಿಂಗ್ ಬರುವ ಪದಗಳನ್ನಷ್ಟೇ ಆರಿಸಿಕೊಳ್ಳುತ್ತಾನೆ. ಹೀಗಾಗಿ ಅವನ ಪ್ರಬಂಧ ಓದಿದವರಿಗೆ ಅವನ ಆಲೋಚನೆಯೇ ಬಡವಾಗಿದೆಯೆಂದು ತೋರುತ್ತದೆ. ಈ ಕಾರಣಕ್ಕಾಗಿಯೇ ಶಾಲೆಯ ತಂಡ ಅವನ ವೈಯಕ್ತಿಕ ಶಿಕ್ಷಣ ಯೋಜನೆಯಲ್ಲಿ, ಅಂದರೆ ಇಲ್ಲಿ ಎಲ್ಲರೂ ಐಇಪಿ ಎಂದು ಕರೆಯುವ ದಾಖಲೆಯಲ್ಲಿ, ಮೂರು ಅನುಕೂಲಗಳನ್ನು ಬರೆದಿತ್ತು: ಒಂದೂವರೆ ಪಟ್ಟು ಸಮಯ, ಪ್ರತ್ಯೇಕ ಕೊಠಡಿ, ದೀರ್ಘ ಉತ್ತರಗಳಿಗೆ ಲಿಪಿಕಾರ.

ನ್ಯೂಯಾರ್ಕ್ ರಾಜ್ಯದ ಪ್ರೌಢಶಾಲಾ ಮಕ್ಕಳು ಬರೆಯುವ ರೀಜೆಂಟ್ಸ್ ಪರೀಕ್ಷೆಗಳಲ್ಲಿ ಇಂಗ್ಲಿಷ್ ಪತ್ರಿಕೆಯ ಅವಧಿ ಮೂರು ಗಂಟೆ. ಮೊದಲ ಭಾಗದಲ್ಲಿ ಗದ್ಯ ಪದ್ಯಗಳನ್ನು ಓದಿ 24 ಬಹು ಆಯ್ಕೆಯ ಪ್ರಶ್ನೆಗಳಿಗೆ ಉತ್ತರಿಸಬೇಕು. ಎರಡನೆಯದರಲ್ಲಿ ಒಂದೇ ವಿಷಯದ ಮೇಲಿನ ನಾಲ್ಕು ಲೇಖನಗಳನ್ನು ಓದಿ, ಕನಿಷ್ಠ ಮೂರನ್ನು ಆಧರಿಸಿ ವಾದಪ್ರಬಂಧ ಬರೆಯಬೇಕು. ಮೂರನೆಯದು ಒಂದು ಪಠ್ಯದ ಕಿರು ವಿಶ್ಲೇಷಣೆ. ಹಿಂದಿನ ವರ್ಷಗಳ ಪತ್ರಿಕೆಗಳನ್ನು ರಾಜ್ಯ ಶಿಕ್ಷಣ ಇಲಾಖೆಯೇ ಉತ್ತರಸೂಚಿ ಮತ್ತು ಮಾದರಿ ಪ್ರಬಂಧಗಳ ಸಮೇತ ತನ್ನ ಜಾಲತಾಣದಲ್ಲಿ ಉಚಿತವಾಗಿ ಇಟ್ಟಿದೆ. ನಾವು ಅವುಗಳನ್ನೇ ಮುದ್ರಿಸಿಕೊಂಡೆವು.

ಮೊದಲ ಪತ್ರಿಕೆಯನ್ನು ಡಿಸೆಂಬರಿನಲ್ಲಿ ಅವನೊಬ್ಬನೇ ಮಾಮೂಲಿ ಮೂರು ಗಂಟೆಗಳಲ್ಲಿ ಬರೆದ. ಬಹು ಆಯ್ಕೆಯ ಪ್ರಶ್ನೆಗಳಿಗೇ ಎರಡು ಗಂಟೆಯ ಹತ್ತಿರ ಹಿಡಿಯಿತು, ಪ್ರಬಂಧ ಅರ್ಧದಲ್ಲಿ ನಿಂತಿತು. ಎರಡನೆಯ ಪತ್ರಿಕೆಗೆ ನಾಲ್ಕೂವರೆ ಗಂಟೆ ಕೊಟ್ಟೆವು. ಈಗ ಎಲ್ಲವೂ ಸರಿಹೋಗುತ್ತದೆಂದು ನಾನು ಭಾವಿಸಿದ್ದೆ. ಆದರೆ ಹೆಚ್ಚುವರಿ ಸಮಯವನ್ನೆಲ್ಲ ಅವನು ಮೊದಲ ಭಾಗವನ್ನು ಮತ್ತೆ ಮತ್ತೆ ಓದುವುದಕ್ಕೇ ಸುರಿದಿದ್ದ. ಪ್ರಬಂಧಕ್ಕೆ ಬರುವಷ್ಟರಲ್ಲಿ ತಲೆ ದಣಿದಿತ್ತು. ತೊಂಬತ್ತು ನಿಮಿಷಗಳನ್ನು ಕೈಗೆ ಕೊಟ್ಟ ಮಾತ್ರಕ್ಕೆ ಅವುಗಳನ್ನು ಎಲ್ಲಿ ಖರ್ಚು ಮಾಡಬೇಕೆಂಬುದು ಮಗುವಿಗೆ ತಿಳಿಯುವುದಿಲ್ಲ. ಅದನ್ನು ಗಡಿಯಾರದ ಎದುರು ಕುಳಿತೇ ಕಲಿಯಬೇಕು.

ಮೂರನೆಯ ಪತ್ರಿಕೆಯ ಹೊತ್ತಿಗೆ ತಂದೆ ಊರಿನಿಂದ ಬಂದಿದ್ದರು. ಅವರಿಗೆ ಈ ಏರ್ಪಾಡು ಮೊದಲು ಒಪ್ಪಿಗೆಯಾಗಲಿಲ್ಲ. “ಕಣ್ಣು ಕಾಣದ ಮಕ್ಕಳಿಗೆ ಬೇರೆಯವರು ಬರೆದುಕೊಟ್ಟದ್ದನ್ನು ನಾನೇ ನೋಡಿದ್ದೇನೆ. ಇವನಿಗೆ ಕಣ್ಣಿದೆ, ಕೈಯಿದೆ. ಇದು ಕಾಪಿ ಮಾಡಿಸಿದಂತಲ್ಲವೇನಮ್ಮ?” ಎಂದು ಕೇಳಿದರು. ನಮ್ಮ ದೇಶದಲ್ಲಿಯೂ ಈಗ ಹಾಗಿಲ್ಲವೆಂದು ವಿವರಿಸಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ತನ್ನ ಪಟ್ಟಿಯಲ್ಲಿ ಸೇರಿಸಿದೆ. 2018ರ ಕೇಂದ್ರ ಮಾರ್ಗಸೂಚಿಯ ಪ್ರಕಾರ ಪರೀಕ್ಷೆಯ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ದೊರೆಯಬೇಕು. ಅಂದರೆ ಮೂರು ಗಂಟೆಗೆ ಇನ್ನೊಂದು ಗಂಟೆ. ತಂದೆ ಅರೆಮನಸ್ಸಿನಿಂದ ಪೆನ್ನು ಹಿಡಿದರು.

ಅಂದು ಪ್ರಬಂಧ ಬಹಳ ಚೆನ್ನಾಗಿ ಬಂತು. ಅತಿ ಚೆನ್ನಾಗಿ ಬಂದದ್ದೇ ಅನುಮಾನಕ್ಕೆ ಕಾರಣವಾಯಿತು. ಮಗ “ಅಂಡ್ ದೆನ್” ಎಂದಲ್ಲೆಲ್ಲ ಅಜ್ಜ “ಮೋರೋವರ್” ಎಂದು ಬರೆದಿದ್ದರು. ಕಾಮಾ, ಪೂರ್ಣವಿರಾಮ, ಪ್ಯಾರಾಗಳೆಲ್ಲ ಅಚ್ಚುಕಟ್ಟಾಗಿ ತಾವಾಗಿಯೇ ಬಂದು ಕುಳಿತಿದ್ದವು. ಜೀವಮಾನವಿಡೀ ಮಕ್ಕಳ ವಾಕ್ಯಗಳನ್ನು ತಿದ್ದಿದ ಕೈ, ತಿದ್ದುತ್ತಿದ್ದೇನೆಂಬ ಅರಿವೂ ಇಲ್ಲದೆ ತಿದ್ದಿತ್ತು. ಆ ಹಾಳೆಗಳನ್ನು ಬದಿಗಿಟ್ಟು, ಲಿಪಿಕಾರರಿಗಾಗಿ ಇಲಾಖೆ ಪ್ರಕಟಿಸಿರುವ ನಿಯಮಗಳನ್ನು ಮೂವರೂ ಕುಳಿತು ಓದಿದೆವು.

ನಿಯಮಗಳು ಹೀಗಿವೆ. ವಿದ್ಯಾರ್ಥಿ ಹೇಳಿದ್ದನ್ನು ಲಿಪಿಕಾರರು ಪ್ರತ್ಯೇಕ ಹಾಳೆಯಲ್ಲಿ, ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ, ಪದಕ್ಕೆ ಪದ ಬರೆದುಕೊಳ್ಳಬೇಕು. ವಿರಾಮಚಿಹ್ನೆಗಳನ್ನಾಗಲಿ ದೊಡ್ಡಕ್ಷರಗಳನ್ನಾಗಲಿ ಹಾಕುವಂತಿಲ್ಲ. ಸ್ಪೆಲ್ಲಿಂಗ್ ಕಷ್ಟವಿರುವ ಪದಗಳಿಗೆ ಸುತ್ತು ಹಾಕಬೇಕು. ಹೇಳುವುದು ಮುಗಿದ ಮೇಲೆ ಆ ಪದಗಳ ಸ್ಪೆಲ್ಲಿಂಗನ್ನು ವಿದ್ಯಾರ್ಥಿಯಿಂದಲೇ ಬಾಯಲ್ಲಿ ಹೇಳಿಸಿ, ಅವನು ಹೇಳಿದಂತೆಯೇ ಬರೆಯಬೇಕು. ಅನಂತರ ಹಾಳೆಯನ್ನು ಅವನ ಮುಂದಿಟ್ಟು ಎಲ್ಲಿ ಕಾಮಾ, ಎಲ್ಲಿ ದೊಡ್ಡಕ್ಷರ, ಎಲ್ಲಿ ಹೊಸ ಪ್ಯಾರಾ ಎಂಬುದನ್ನು ಅವನಿಂದಲೇ ತಿಳಿಯಬೇಕು. ಅವನು ಕೊನೆಯದಾಗಿ ಓದಿ ಒಪ್ಪಿದ ಮೇಲೆ ಉತ್ತರಪತ್ರಿಕೆಗೆ ಯಥಾವತ್ತಾಗಿ ನಕಲು ಮಾಡಿ, ಮೂಲ ಹಾಳೆಯನ್ನೂ ಅದಕ್ಕೆ ಲಗತ್ತಿಸಬೇಕು. ಗಣಿತದ ಲೆಕ್ಕವಾದರೆ ಯಾವ ಅಂಕಿಯನ್ನು ಯಾವುದರ ಕೆಳಗೆ ಬರೆಯಬೇಕೆಂಬುದನ್ನೂ ವಿದ್ಯಾರ್ಥಿಯೇ ಹೇಳಬೇಕಾಗುತ್ತದೆ.

ನಾಲ್ಕನೆಯ ಪತ್ರಿಕೆಯ ದಿನ ಮಗ “ಎನ್ವಿರಾನ್ಮೆಂಟ್” ಪದದ ಸ್ಪೆಲ್ಲಿಂಗ್ ಹೇಳುತ್ತ ನಡುವಿನ ‘ಎನ್’ ಅಕ್ಷರವನ್ನು ಬಿಟ್ಟ. ತಂದೆಯ ಪೆನ್ನು ಗಾಳಿಯಲ್ಲಿಯೇ ನಿಂತಿತು. ಒಮ್ಮೆ ನನ್ನ ಮುಖ ನೋಡಿದರು. ಬಳಿಕ ತಪ್ಪನ್ನು ತಪ್ಪಾಗಿಯೇ ಬರೆದರು. ಅವರ ಇಡೀ ವೃತ್ತಿಜೀವನದಲ್ಲಿ ಅದಕ್ಕಿಂತ ಕಷ್ಟದ ಅಕ್ಷರಗಳನ್ನು ಅವರು ಬರೆದಿರಲಾರರು. ಅಂದಿನಿಂದ ಕಾಪಿಯ ಮಾತು ಅವರ ಬಾಯಲ್ಲಿ ಬರಲಿಲ್ಲ.

ಈ ವಿಧಾನ ಅಭ್ಯಾಸವಾದ ಮೇಲೆ ಇನ್ನೊಂದು ವಿಷಯ ಗೋಚರಿಸಿತು. ಪ್ರಬಂಧ ಹೇಳಲು ಅರ್ಧ ಗಂಟೆ ಹಿಡಿದರೆ, ಚಿಹ್ನೆಗಳನ್ನು ಹಾಕಿಸಿ ತಿದ್ದಿಸಲು ಇನ್ನೊಂದು ಅರ್ಧ ಗಂಟೆಯೇ ಬೇಕು. ಲಿಪಿಕಾರರು ಸಮಯ ಉಳಿಸುವುದಿಲ್ಲ, ಬದಲಿಗೆ ಬೇಡುತ್ತಾರೆ. ಮೊದಲೇ ಯೋಚಿಸದೆ ಹೇಳತೊಡಗಿದರೆ ಮಾತು ಕೊನೆಯಿಲ್ಲದ ಒಂದೇ ವಾಕ್ಯವಾಗಿ ಹರಿಯುತ್ತದೆ, ಅದನ್ನು ಕತ್ತರಿಸುವುದು ಪ್ರಯಾಸ. ಆದ್ದರಿಂದ ಮಗ ಹೇಳುವ ಮುನ್ನ ತನ್ನದೇ ಗುರುತು, ಬಾಣಗಳಲ್ಲಿ ಒಂದು ನಕ್ಷೆ ಹಾಕಿಕೊಳ್ಳುವುದನ್ನು ರೂಢಿಸಿಕೊಂಡ. ಅಂತಿಮವಾಗಿ 270 ನಿಮಿಷಗಳನ್ನು ಹೀಗೆ ಹಂಚಿದೆವು: ಬಹು ಆಯ್ಕೆಗೆ 95, ವಾದಪ್ರಬಂಧದ ಓದು ಮತ್ತು ನಕ್ಷೆಗೆ 45, ಹೇಳಲು 30, ತಿದ್ದಲು 30, ಮೂರನೆಯ ಭಾಗಕ್ಕೆ 55, ಉಳಿದ 15 ಆಪತ್ತಿಗೆ. ಬೇರೆ ಮಗುವಿಗೆ ಬೇರೆ ಹಂಚಿಕೆ ಹೊಂದೀತು. ಪ್ರತಿ ಭಾಗ ಮುಗಿದ ಹೊತ್ತನ್ನು ಅಂಚಿನಲ್ಲಿ ಗುರುತಿಸುತ್ತ ಹೋದರೆ ಎರಡು ಮೂರು ಪತ್ರಿಕೆಗಳಲ್ಲಿ ಅದು ತಾನಾಗಿ ತಿಳಿಯುತ್ತದೆ.

ಈ ಅನುಕೂಲಗಳು ಸುಲಭವಾಗಿ ಬಂದವಲ್ಲ. ಮೆರಿಲಿನ್ ಬಾರ್ಟ್ಲೆಟ್ ಎಂಬ ಡಿಸ್ಲೆಕ್ಸಿಯಾ ಉಳ್ಳ ಮಹಿಳೆ ಕಾನೂನು ಪದವಿ ಪಡೆದೂ ನ್ಯೂಯಾರ್ಕಿನ ವಕೀಲಿ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಅನುತ್ತೀರ್ಣರಾದರು. ಹೆಚ್ಚು ಸಮಯ ಕೇಳಿದಾಗ ಪರೀಕ್ಷಾ ಮಂಡಳಿ ನಿರಾಕರಿಸಿತು. 1993ರಲ್ಲಿ ಅವರು ನ್ಯಾಯಾಲಯಕ್ಕೆ ಹೋದರು. ಮೊಕದ್ದಮೆ ನಡೆಯುತ್ತಿದ್ದಾಗಲೇ ಒಪ್ಪಂದದಂತೆ ಒಂದೂವರೆ ಪಟ್ಟು ಸಮಯವೂ ಓದಿ ಬರೆಯುವ ಸಹಾಯಕರೂ ದೊರೆತರು, ಆದರೂ ಅವರು ತೇರ್ಗಡೆಯಾಗಲಿಲ್ಲ. 1997ರಲ್ಲಿ ತೀರ್ಪಿತ್ತ ನ್ಯಾಯಾಧೀಶೆ ಸೋನಿಯಾ ಸೋಟೊಮೇಯರ್, ನಾಲ್ಕು ದಿನಗಳಿಗೆ ಹರಡಿದ ಇಮ್ಮಡಿ ಸಮಯ, ಕಂಪ್ಯೂಟರ್, ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆ, ಉತ್ತರವನ್ನು ಪ್ರಶ್ನೆಪತ್ರಿಕೆಯಲ್ಲಿಯೇ ಸುತ್ತುಹಾಕಿ ಸೂಚಿಸುವ ಅವಕಾಶ ಇವುಗಳನ್ನು ಕೊಡುವಂತೆ ಆದೇಶಿಸಿದರು. ಮೇಲ್ಮನವಿಗಳ ಬಳಿಕ 2001ರಲ್ಲಿ ಮತ್ತೆ ಅವರೇ ಬಾರ್ಟ್ಲೆಟ್ ಪರವಾಗಿ ನಿರ್ಣಯಿಸಿದರು. ಸೋಟೊಮೇಯರ್ ಇಂದು ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ. ಅನುಕೂಲವೆಂಬುದು ಆ ವ್ಯಕ್ತಿಯ ಅಗತ್ಯಕ್ಕೆ ಸರಿಹೊಂದಬೇಕು, ಯಾವುದೋ ಒಂದನ್ನು ಕೊಟ್ಟರೆ ಸಾಲದು ಎಂಬುದನ್ನು ಈ ಮೊಕದ್ದಮೆಯಿಂದ ನಾನು ಅರಿತೆ.

ಇಲ್ಲಿಗೆ ಬರಲಿರುವ ಕುಟುಂಬಗಳಿಗೆ ಕೆಲವು ಮಾತು. ಮಗುವಿನ ಓದಿನ ಬಗ್ಗೆ ಸಂದೇಹವಿದ್ದರೆ ಶಾಲೆಗೆ ಮೌಲ್ಯಮಾಪನದ ಕೋರಿಕೆಯನ್ನು ಲಿಖಿತವಾಗಿ ಕೊಡಿ, ಬಾಯಿಮಾತಿಗೆ ದಿನಾಂಕವಿರುವುದಿಲ್ಲ. ಸಾರ್ವಜನಿಕ ಶಾಲೆಯಲ್ಲಿ ಇದು ಉಚಿತ. ನ್ಯೂಯಾರ್ಕಿನಲ್ಲಿ ಪೋಷಕರು ಒಪ್ಪಿಗೆ ಕೊಟ್ಟ 60 ದಿನಗಳೊಳಗೆ ಮೌಲ್ಯಮಾಪನ ಮುಗಿಯಬೇಕು. ನ್ಯೂಜೆರ್ಸಿಯಲ್ಲಿ ಕೋರಿಕೆ ತಲುಪಿದ 20 ದಿನಗಳೊಳಗೆ ಸಭೆ ಕರೆಯಬೇಕು. ಊರಿನಲ್ಲಿ ಮಾಡಿಸಿದ ವರದಿಯಿದ್ದರೆ ತನ್ನಿ. ಮಗು ಕನ್ನಡ ಓದುವಾಗಲೂ ಹೀಗೆಯೇ ತಡವರಿಸುತ್ತಿತ್ತೆಂದಾದರೆ ಅದನ್ನು ತಪ್ಪದೆ ಹೇಳಿ. ಇಲ್ಲವಾದರೆ, ಇಂಗ್ಲಿಷ್ ಹೊಸದಾದ್ದರಿಂದ ಹೀಗಾಗಿದೆ ಎಂದು ವರ್ಷಗಳು ಕಳೆದುಹೋಗಬಹುದು.

ನ್ಯೂಜೆರ್ಸಿಯಲ್ಲಿ ರೀಜೆಂಟ್ಸ್ ಇಲ್ಲ, ಆದರೆ ಕಾಲೇಜಿಗಾಗಿ ಎಸ್ಎಟಿ ಬರೆಯುವವರು ಎರಡೂ ಕಡೆ ಇದ್ದಾರೆ. ಶಾಲೆಯ ಯೋಜನೆಯಲ್ಲಿರುವ ಅನುಕೂಲ ಅಲ್ಲಿಗೆ ತಾನಾಗಿ ವರ್ಗವಾಗುವುದಿಲ್ಲ. ಕಾಲೇಜ್ ಬೋರ್ಡಿಗೆ ಸಾಮಾನ್ಯವಾಗಿ ಶಾಲೆಯ ಮೂಲಕವೇ ಪ್ರತ್ಯೇಕ ಅರ್ಜಿ ಹಾಕಬೇಕು, ನಿರ್ಧಾರಕ್ಕೆ ಏಳು ವಾರಗಳವರೆಗೆ ಹಿಡಿಯುತ್ತದೆ. ಅನುಮತಿಯಿಲ್ಲದೆ ಹೆಚ್ಚು ಸಮಯ ಬಳಸಿದರೆ ಅಂಕಗಳೇ ರದ್ದಾಗಬಹುದು. ಬ್ಲೂಬುಕ್ ಎಂಬ ಅವರ ಆ್ಯಪ್‌ನಲ್ಲಿ ಅಭ್ಯಾಸ ಪತ್ರಿಕೆಗಳನ್ನು ವಿಸ್ತರಿಸಿದ ಸಮಯದೊಂದಿಗೆ ತೆರೆಯಬಹುದು. ಆಗ 32 ನಿಮಿಷದ ಓದಿನ ಭಾಗ 48 ಆಗುತ್ತದೆ. ಉತ್ತರ ಬೇಗ ಮುಗಿದರೂ ಆ ಸಮಯ ಪೂರ್ತಿ ಕುಳಿತಿರಲೇಬೇಕು. ಆ ತಾಳ್ಮೆಯನ್ನೂ ಮನೆಯಲ್ಲಿಯೇ ಅಭ್ಯಾಸ ಮಾಡಬೇಕಾಗುತ್ತದೆ.

ತಂದೆ ಮೇ ತಿಂಗಳಲ್ಲಿ ಊರಿಗೆ ಮರಳಿದರು. ಜೂನಿನ ಪರೀಕ್ಷೆಗೆ ಲಿಪಿಕಾರರನ್ನು ಶಾಲೆಯೇ ಒದಗಿಸಿತ್ತು, ಮಗನಿಗೆ ಅವರು ಅಪರಿಚಿತರು. ಅಂದು ಸಂಜೆ ಅಜ್ಜ ಫೋನಿನಲ್ಲಿ ಅಂಕಗಳ ಬಗ್ಗೆ ಏನೂ ಕೇಳಲಿಲ್ಲ. “ಅವರು ಎಲ್ಲಾದರೂ ತಿದ್ದಿದರೇನೋ ಪುಟ್ಟ?” ಎಂದಷ್ಟೇ ಕೇಳಿದರು.

“ಇಲ್ಲ ಅಜ್ಜ, ಒಂದು ಕಾಮಾ ಕೂಡ ಹಾಕಲಿಲ್ಲ. ಎಲ್ಲ ನಾನೇ ಹಾಕಿಸಿದೆ” ಎಂದ ಮೊಮ್ಮಗ.